ಕನ್ನಡದ ನಡುವೆ ಇಂಗ್ಲಿಷ್ ಬಂದಾಗ: ಮಹಾಪ್ರಬಂಧದ ಪುಟ ಕಟ್ಟುವ ಕ್ರಮ

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪೆನ್‌ಡ್ರೈವ್ ಹಿಡಿದುಕೊಂಡು ಮನೆಗೆ ಬಂದಳು. ಕಾಸರಗೋಡಿನ ಸ್ಥಳನಾಮಗಳ ಬಗ್ಗೆ ಕನ್ನಡದಲ್ಲಿ ಬರೆದ ಪಿಎಚ್.ಡಿ. ಪ್ರಬಂಧ. ಬರವಣಿಗೆ ಮುಗಿದಿತ್ತು, ಮಾರ್ಗದರ್ಶಕರ ಒಪ್ಪಿಗೆಯೂ ಸಿಕ್ಕಿತ್ತು. ಆದರೆ ಮುದ್ರಣದ ಅಂಗಡಿಯಲ್ಲಿ ತೆರೆದಾಗ ಎರಡನೆಯ ಅಧ್ಯಾಯದ ತುಂಬ ಹೀಗೆ ಕಾಣಿಸಿತಂತೆ:

```
PÁ¸ÀgÀUÉÆÃqÀÄ
```

ಇದು ‘ಕಾಸರಗೋಡು’. ಉಳಿದ ಅಧ್ಯಾಯಗಳು ಓದಲು ಬರುತ್ತಿದ್ದವು, ಆದರೆ ಸಾಲುಗಳು ಒಂದೆಡೆ ಒತ್ತೊತ್ತಾಗಿ, ಇನ್ನೊಂದೆಡೆ ಬಿಡಿಬಿಡಿಯಾಗಿ ಕೂತಿದ್ದವು. ಗ್ರಂಥಸೂಚಿಯಲ್ಲಂತೂ ಭಟ್ಟರೆಲ್ಲ ಒಂದು ಕಡೆ, ರೈಗಳೆಲ್ಲ ಇನ್ನೊಂದು ಕಡೆ ಗುಂಪು ಸೇರಿದ್ದರು. “ಮಾಷ್ಟ್ರೇ, ಫಾಂಟ್ ಬದಲಾಯಿಸಿದರೆ ಎಲ್ಲ ಸರಿಯಾಗುತ್ತದೆಯೇ?” ಎಂದು ಕೇಳಿದಳು. ಆಗುವುದಿಲ್ಲ. ಇಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದೇ ಫೈಲಿನಲ್ಲಿ ಕುಳಿತಿದ್ದವು, ಅವನ್ನು ಬಿಡಿಸುವುದಕ್ಕೆ ಒಂದು ಕ್ರಮವಿದೆ. ಆ ಕ್ರಮದಲ್ಲಿ ನಾವು ಮಾಡಿದ್ದನ್ನೇ ಇಲ್ಲಿ ಬರೆಯುತ್ತೇನೆ. ಮೈಕ್ರೊಸಾಫ್ಟ್ ವರ್ಡ್ ಮತ್ತು ಲಿಬ್ರೆ ಆಫೀಸ್ ಎರಡನ್ನೂ ಗಮನದಲ್ಲಿಟ್ಟುಕೊಂಡಿದ್ದೇನೆ. ಪರದೆಯ ಮೇಲೆ ಇಂಗ್ಲಿಷಿನಲ್ಲೇ ಕಾಣುವ ಆಯ್ಕೆಗಳ ಹೆಸರನ್ನು ಹಾಗೆಯೇ ಕೊಟ್ಟಿದ್ದೇನೆ. ಕೆಲಸಕ್ಕೆ ಕೈ ಹಾಕುವ ಮೊದಲು ಫೈಲಿನ ಒಂದು ಪ್ರತಿ ಮಾಡಿ ಬೇರೆ ಕಡೆ ಇಡಿ.

ಮೊದಲು: ಫೈಲಿನೊಳಗಿರುವುದು ಕನ್ನಡವೇ?

ಅವಳ ಎರಡನೆಯ ಅಧ್ಯಾಯ ಎಂ.ಫಿಲ್. ಕಾಲದ್ದು, ನುಡಿಯ ಹಳೆಯ ಫಾಂಟಿನಲ್ಲಿ ಟೈಪಾದದ್ದು. ಆ ಕಾಲದ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫೈಲಿನಲ್ಲಿರುವುದು ನಿಜವಾಗಿ P ಮತ್ತು Á. ಫಾಂಟು ಅವುಗಳನ್ನು ‘ಕಾ’ ಎಂದು ಚಿತ್ರಿಸುತ್ತದೆ, ಅಷ್ಟೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಮುಖವಾಡ ಕಳಚುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೆ ಅದರದೇ ಸಂಖ್ಯೆಗಳಿವೆ, 0C80 ಯಿಂದ 0CFF ವರೆಗೆ. ಫಾಂಟು ಬದಲಾದರೂ ‘ಕ’ ಎನ್ನುವುದು ‘ಕ’ ಆಗಿಯೇ ಉಳಿಯುತ್ತದೆ.

ಪರೀಕ್ಷೆ ಸುಲಭ. ಸಂಶಯವಿರುವ ವಾಕ್ಯವನ್ನು ಆಯ್ದು ಅದಕ್ಕೆ ಏರಿಯಲ್ ಫಾಂಟ್ ಕೊಡಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್, ಮೇಲಿನಂತೆ ಚೆಲ್ಲಾಪಿಲ್ಲಿಯಾದರೆ ಹಳೆಯದು.

ಹಳೆಯ ಪಠ್ಯವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ನುಡಿಯಲ್ಲೂ ಇವೆ, ಬರಹದಲ್ಲೂ ಇವೆ. ಎರಡು ಭಾಷೆ ಬೆರೆತ ಪ್ರಬಂಧಕ್ಕೆ ಕಷ್ಟ ಶುರುವಾಗುವುದು ಇಲ್ಲಿಯೇ. ನುಡಿಯ ಹಳೆಯ ಅಕ್ಷರ ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷೇ ಆದ್ದರಿಂದ ಇಡೀ ಅಧ್ಯಾಯವನ್ನು ಒಟ್ಟಿಗೆ ನಕಲಿಸಿ ಪರಿವರ್ತಕಕ್ಕೆ ಹಾಕಿದರೆ ಅದಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ಮುಖವಾಡದ ಕನ್ನಡ ಎಂದು ತಿಳಿಯುವುದಿಲ್ಲ. ಬ್ರಿಟಿಷ್ ಕಾಲದ ದಕ್ಷಿಣ ಕನ್ನಡ ಕೈಪಿಡಿಯಿಂದ ಅವಳು ಎತ್ತಿಕೊಂಡ ಉದ್ಧರಣೆಗಳೆಲ್ಲ ಅರ್ಥವಿಲ್ಲದ ಕನ್ನಡಾಕ್ಷರಗಳಾಗಿ ಹೊರಬಂದವು. ಅದೃಷ್ಟಕ್ಕೆ ನಾವು ಕೆಲಸ ಮಾಡುತ್ತಿದ್ದುದು ಪ್ರತಿಯ ಮೇಲೆ.

ಎರಡನ್ನೂ ಬೇರ್ಪಡಿಸಲು ಫಾಂಟಿನ ಹೆಸರೇ ಸಾಕು. ವರ್ಡಿನಲ್ಲಿ Ctrl+H ಒತ್ತಿ ‘Find what’ ಜಾಗವನ್ನು ಖಾಲಿ ಬಿಡಿ. ‘More’ ಒಳಗಿನ ‘Format’, ಅದರೊಳಗಿನ ‘Font’ ತೆರೆದು ‘Nudi 01 e’ ಎಂದು ಕೊಡಿ. ನಿಮ್ಮ ಫೈಲಿನಲ್ಲಿ ಯಾವ ಹೆಸರಿದೆಯೋ ಅದು. ‘Replace with’ ಜಾಗದಲ್ಲಿಯೂ ಏನನ್ನೂ ಬರೆಯದೆ ‘Format’ ಒಳಗಿನ ‘Highlight’ ಮಾತ್ರ ಆರಿಸಿ ‘Replace All’ ಒತ್ತಿ. ಹಳೆಯ ಫಾಂಟಿನ ಕನ್ನಡಕ್ಕೆಲ್ಲ ಬಣ್ಣ ಬರುತ್ತದೆ, ಇಂಗ್ಲಿಷ್ ಬಿಳಿಯಾಗಿ ಉಳಿಯುತ್ತದೆ. ಇನ್ನು ಬಣ್ಣದ ಭಾಗಗಳನ್ನು ಮಾತ್ರ ಒಂದೊಂದಾಗಿ ಪರಿವರ್ತಿಸಿ ಅಲ್ಲಿಯೇ ಅಂಟಿಸುತ್ತ ಹೋಗಬೇಕು. ಬೇಸರದ ಕೆಲಸ, ನಲವತ್ತು ಪುಟಕ್ಕೆ ನಮಗೆ ಒಂದು ಮಧ್ಯಾಹ್ನ ಹಿಡಿಯಿತು. ಇದಕ್ಕಿಂತ ಬೇಗ ಮುಗಿಯುವ ದಾರಿಗಳಲ್ಲಿ ಇಂಗ್ಲಿಷನ್ನು ಮತ್ತೆ ಟೈಪು ಮಾಡಬೇಕಾಗುತ್ತದೆ.

ಪರಿವರ್ತಿಸಿದ್ದನ್ನು ಕಣ್ಣು ಮುಚ್ಚಿ ನಂಬಬೇಡಿ. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ವ್ಯಂಜನದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು ಬರುತ್ತದೆ. ಪರಿವರ್ತಕಗಳು ಎಡವುವುದು ಇಂಥಲ್ಲೇ. ಅರ್ಕಾವೊತ್ತು ಮತ್ತು ಎರಡೆರಡು ಒತ್ತುಗಳಿರುವ ಪದಗಳನ್ನು ನೋಡಿ. ನಮ್ಮ ಕಡೆಯವರಿಗೆ ಇನ್ನೂ ಒಳ್ಳೆಯ ಪರೀಕ್ಷೆ ‘ಕಯ್ಯಾರ ಕಿಞ್ಞಣ್ಣ ರೈ’ ಎಂಬ ಹೆಸರು. ಞ ಕಾರಕ್ಕೆ ಞ ಒತ್ತು ಸರಿಯಾಗಿ ಬಂದಿದ್ದರೆ ಉಳಿದವೂ ಬಹುತೇಕ ಬಂದಿರುತ್ತವೆ. ಹಳೆಯ ಟೈಪಿಂಗಿನಲ್ಲಿ ‘ಕಿಂಞಣ್ಣ’ ಎಂದೂ ಇರಬಹುದು. ಪ್ರಬಂಧದಲ್ಲಿ ಒಂದೇ ರೂಪ ಉಳಿಸಿಕೊಳ್ಳಿ, ಇಲ್ಲವಾದರೆ ಹುಡುಕುವಾಗ ಅರ್ಧ ಮಾತ್ರ ಸಿಗುತ್ತದೆ.

ಕಣ್ಣಿಗೆ ಬೀಳದ ಇನ್ನೊಂದು ತಪ್ಪಿದೆ. ಕನ್ನಡದ ಸೊನ್ನೆ ೦ ಮತ್ತು ಅನುಸ್ವಾರ ಂ ನೋಡಲು ಒಂದೇ, ಸಂಖ್ಯೆ ಬೇರೆ: ಸೊನ್ನೆ 0CE6, ಅನುಸ್ವಾರ 0C82. ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತುವ ಅಭ್ಯಾಸ ಅನೇಕರಿಗಿದೆ. ಕಾಗದದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ‘ಕುಂಬಳೆ’ ಎಂದು ಹುಡುಕಿದರೆ ಸೊನ್ನೆ ಹಾಕಿ ಬರೆದ ‘ಕು೦ಬಳೆ’ ಸಿಗುವುದಿಲ್ಲ, ಅಕಾರಾದಿಯಲ್ಲಿ ಅದು ಬೇರೆಲ್ಲೋ ಹೋಗಿ ಕೂರುತ್ತದೆ. ಎಲ್ಲ ಸೊನ್ನೆಗಳನ್ನೂ ಒಟ್ಟಿಗೆ ಬದಲಾಯಿಸಿದರೆ ೨೦೧೦ ಎಂಬ ಇಸವಿ ಕೆಡುತ್ತದೆ. ಲಿಬ್ರೆ ಆಫೀಸಿನ ‘Find & Replace’ ತೆರೆದು ‘Regular expressions’ ಗುರುತು ಹಾಕಿ ಇದನ್ನು ಹುಡುಕಿ:

```
(?<=[\u0C85-\u0CCC])\u0CE6
```

ಅಕ್ಷರದ ನಂತರವೇ ಬಂದ ಸೊನ್ನೆಯನ್ನು ಮಾತ್ರ ಇದು ಹಿಡಿಯುತ್ತದೆ, ಅಂಕಿಯ ನಂತರ ಬಂದದ್ದನ್ನು ಮುಟ್ಟುವುದಿಲ್ಲ. ‘Replace’ ಜಾಗದಲ್ಲಿ ಅನುಸ್ವಾರವನ್ನು ಟೈಪು ಮಾಡಿ. ಯಾವುದೇ ಅಕ್ಷರದ ಬಗ್ಗೆ ಸಂಶಯ ಬಂದರೆ ಅದರ ನಂತರ ಕರ್ಸರ್ ಇಟ್ಟು Alt+X ಒತ್ತಿ. ವರ್ಡಿನಲ್ಲೂ ಲಿಬ್ರೆ ಆಫೀಸಿನಲ್ಲೂ ಅಕ್ಷರದ ಸಂಖ್ಯೆ ಕಾಣುತ್ತದೆ, ಇನ್ನೊಮ್ಮೆ ಒತ್ತಿದರೆ ಅಕ್ಷರ ಮರಳುತ್ತದೆ.

ಒಂದು ಶೈಲಿಗೆ ಎರಡು ಫಾಂಟ್

ಹೆಚ್ಚಿನವರು ಮಾಡುವುದು ಹೀಗೆ: ಕನ್ನಡ ಪದ ಬಂದಾಗ ಆಯ್ದು ಕನ್ನಡ ಫಾಂಟ್ ಕೊಡುತ್ತಾರೆ, ಇಂಗ್ಲಿಷ್ ಬಂದಾಗ ಆಯ್ದು ಟೈಮ್ಸ್ ನ್ಯೂ ರೋಮನ್ ಕೊಡುತ್ತಾರೆ. ಮುನ್ನೂರು ಪುಟಗಳಲ್ಲಿ ಇದು ಸಾವಿರಾರು ಸಲ. ಒಂದು ದಿನ ಮಾರ್ಗದರ್ಶಕರು ಅಕ್ಷರ ಸ್ವಲ್ಪ ದೊಡ್ಡದಾಗಲಿ ಎಂದರೆ ಮೊದಲಿನಿಂದ ಶುರು. ಇದರ ಅಗತ್ಯವೇ ಇಲ್ಲ. ಫಾಂಟು, ಗಾತ್ರ, ಅಂತರ ಇವನ್ನೆಲ್ಲ ಒಂದೇ ಕಡೆ ಹೇಳಿಡುವ ಶೈಲಿ, ಅಂದರೆ ‘Style’, ವರ್ಡಿನಲ್ಲಿದೆ. ಪ್ರತಿ ಶೈಲಿಯೊಳಗೂ ಎರಡು ಫಾಂಟುಗಳಿಗೆ ಜಾಗವಿದೆ: ರೋಮನ್ ಲಿಪಿಗೆ ಒಂದು, ‘Complex scripts’ ಎಂಬ ಹೆಸರಿನಲ್ಲಿ ಕನ್ನಡದಂಥ ಲಿಪಿಗಳಿಗೆ ಇನ್ನೊಂದು. ಯಾವ ಅಕ್ಷರ ಯಾವ ಲಿಪಿಯದು ಎಂದು ವರ್ಡ್ ಸಂಖ್ಯೆ ನೋಡಿ ತಾನೇ ತೀರ್ಮಾನಿಸುತ್ತದೆ. ಪಠ್ಯ ಪೂರ್ತಿ ಯೂನಿಕೋಡಿನಲ್ಲಿರಬೇಕು ಎಂದು ಹಟ ಹಿಡಿದದ್ದು ಇದಕ್ಕೇ.

ಆ ಎರಡನೆಯ ಜಾಗ ಕಾಣಬೇಕಾದರೆ ಮೊದಲು ‘File’, ‘Options’, ‘Language’ ಎಂದು ಹೋಗಿ ಕನ್ನಡವನ್ನು ಬರವಣಿಗೆಯ ಭಾಷೆಯಾಗಿ ಸೇರಿಸಿ ವರ್ಡನ್ನು ಮುಚ್ಚಿ ತೆರೆಯಬೇಕು. ಆಮೇಲೆ ‘Styles’ ಪಟ್ಟಿಯಲ್ಲಿ ‘Normal’ ಮೇಲೆ ಬಲ ಕ್ಲಿಕ್ ಮಾಡಿ ‘Modify’, ‘Format’, ‘Font’ ತೆರೆಯಿರಿ. ‘Latin text’ ಮತ್ತು ‘Complex scripts’ ಎಂಬ ಎರಡು ಸಾಲುಗಳಿರುತ್ತವೆ. ಫಾಂಟು, ಗಾತ್ರ, ದಪ್ಪ ಅಕ್ಷರ ಎಲ್ಲವೂ ಎರಡಕ್ಕೂ ಬೇರೆ ಬೇರೆ. ಶೀರ್ಷಿಕೆಯ ಶೈಲಿಯಲ್ಲಿ ಇಂಗ್ಲಿಷ್ ಮಾತ್ರ ದಪ್ಪವಾಗಿ ಕನ್ನಡ ಸಪೂರ ಉಳಿದಿದ್ದರೆ ಕಾರಣ ಇದೇ. ‘Normal’ ಆದ ಮೇಲೆ ಶೀರ್ಷಿಕೆಗಳ ಶೈಲಿ ಮತ್ತು ‘Footnote Text’ ಇವನ್ನೂ ಹೀಗೆಯೇ ಹೊಂದಿಸಿ. ಲಿಬ್ರೆ ಆಫೀಸಿನಲ್ಲಿ ‘Tools’, ‘Options’ ಒಳಗೆ ಭಾಷೆಗಳ ವಿಭಾಗದಲ್ಲಿ ‘Complex text layout’ ಗುರುತು ಹಾಕಿದರೆ ಶೈಲಿಯಲ್ಲಿ ಪಾಶ್ಚಾತ್ಯ ಲಿಪಿಗೊಂದು, ‘CTL’ ಲಿಪಿಗೊಂದು ಎಂದು ಎರಡು ಜಾಗ ತೆರೆದುಕೊಳ್ಳುತ್ತವೆ.

ಯಾವ ಫಾಂಟ್? ಹಳೆಯ ವಿಂಡೋಸಿನೊಂದಿಗೆ ಬರುತ್ತಿದ್ದ ತುಂಗಾ ಅನೇಕರಲ್ಲಿದೆ, ಆದರೆ ಅದೇ ಗಾತ್ರದ ಟೈಮ್ಸ್ ನ್ಯೂ ರೋಮನ್ ಪಕ್ಕದಲ್ಲಿ ತೀರ ಚಿಕ್ಕದಾಗಿ ಕಾಣುತ್ತದೆ. ನಿರ್ಮಲಾ ಯುಐ ಪರದೆಗಾಗಿ ಮಾಡಿದ್ದು. ದೀರ್ಘ ಪಠ್ಯಕ್ಕೆ ನನಗೆ ನೋಟೊ ಸೆರಿಫ್ ಕನ್ನಡ ಹಿಡಿಸುತ್ತದೆ. ಉಚಿತ, ದಪ್ಪ ಅಕ್ಷರದ ರೂಪವೂ ಉಂಟು. ಟೀರೊ ಕನ್ನಡ ನೋಡಲು ಅದಕ್ಕಿಂತ ಚೆಂದ, ಆದರೆ ಅದರಲ್ಲಿ ದಪ್ಪ ರೂಪ ಇಲ್ಲ. ವರ್ಡ್ ತಾನೇ ದಪ್ಪ ಮಾಡಲು ಹೋದಾಗ ಒತ್ತಕ್ಷರಗಳ ಕಂಡಿಗಳು ಮುಚ್ಚಿ ಶೀರ್ಷಿಕೆ ಮಸಿ ಮೆತ್ತಿದಂತಾಗುತ್ತದೆ. ಗಾತ್ರವನ್ನು ಪರದೆ ನೋಡಿ ತೀರ್ಮಾನಿಸಬೇಡಿ. ಎರಡೂ ಲಿಪಿ ಇರುವ ಒಂದು ಪುಟವನ್ನು ಕಾಗದಕ್ಕೆ ಮುದ್ರಿಸಿ ತೋಳಿನಳತೆಯಲ್ಲಿ ಹಿಡಿದು ನೋಡಿ. ಒಂದು ಲಿಪಿ ಕಪ್ಪಾಗಿ ಎದ್ದು ಬರಬಾರದು. ನಮ್ಮ ಪುಟದಲ್ಲಿ ಟೈಮ್ಸ್ 12 ಇದ್ದಾಗ ನೋಟೊ ಸೆರಿಫ್ 11 ಸರಿಹೊಂದಿತು.

ಎರಡು ಫಾಂಟುಗಳ ಈ ವ್ಯವಸ್ಥೆಗೆ ಒಂದು ಸಣ್ಣ ಊನವಿದೆ. ಆವರಣ ಚಿಹ್ನೆ, ಅಲ್ಪವಿರಾಮ, ಅಂಕಿ ಇವು ಯಾವ ಲಿಪಿಗೂ ಸೇರಿದವಲ್ಲ. ಲಿಬ್ರೆ ಆಫೀಸಿನಲ್ಲಿ ಅವು ಹಿಂದಿನ ಅಕ್ಷರದ ಲಿಪಿಯನ್ನು ಅನುಸರಿಸುತ್ತವೆ. ಕನ್ನಡ ಪದದ ಮುಂದೆ ಆವರಣದೊಳಗೆ ಇಂಗ್ಲಿಷ್ ಪದ ಕೊಟ್ಟರೆ ತೆರೆಯುವ ಆವರಣ ಕನ್ನಡ ಫಾಂಟಿನದು, ಮುಚ್ಚುವುದು ಇಂಗ್ಲಿಷ್ ಫಾಂಟಿನದು. ಒಂದು ದಪ್ಪ, ಒಂದು ತೆಳು, ಒಂದು ಮೇಲೆ, ಒಂದು ಕೆಳಗೆ. ಅಲ್ಲಲ್ಲಿ ಕೈಯಿಂದ ತಿದ್ದುವುದರ ಬದಲು ಆವರಣಗಳ ಆಕಾರ ಪರಸ್ಪರ ಹೋಲುವ ಜೋಡಿ ಫಾಂಟನ್ನು ಮೊದಲೇ ಆರಿಸಿಕೊಳ್ಳುವುದು ಜಾಣತನ.

ಕಾಸರಗೋಡಿನವರಿಗೆ ಇನ್ನೊಂದು ಸಂಗತಿ. ನಮ್ಮ ಪ್ರಬಂಧಗಳಲ್ಲಿ ಮಲಯಾಳವೂ ಬರುತ್ತದೆ. ಬಸ್ಸಿನ ಬೋರ್ಡು, ಪಂಚಾಯತಿನ ದಾಖಲೆ, ಸಂದರ್ಶನದ ಮಾತು. ವರ್ಡಿನ ಲೆಕ್ಕದಲ್ಲಿ ಮಲಯಾಳವೂ ‘Complex scripts’ ವರ್ಗದ್ದೇ, ಕನ್ನಡಕ್ಕೆ ಕೊಟ್ಟ ಜಾಗವೇ ಅದಕ್ಕೂ. ಕನ್ನಡ ಫಾಂಟಿನಲ್ಲಿ ಮಲಯಾಳದ ಅಕ್ಷರಗಳಿಲ್ಲದಿದ್ದರೆ ಯಂತ್ರ ತನಗೆ ತೋಚಿದ ಬೇರೊಂದು ಫಾಂಟನ್ನು ಎಳೆದು ತರುತ್ತದೆ, ಅದು ಪ್ರತಿ ಕಂಪ್ಯೂಟರಿನಲ್ಲೂ ಬೇರೆಯಾಗಬಹುದು. ಆದ್ದರಿಂದ ‘ಮಲಯಾಳ’ ಎಂಬ ಹೆಸರಿನ ಒಂದು ಅಕ್ಷರಶೈಲಿ ಮಾಡಿ. ‘New Style’ ತೆರೆದಾಗ ‘Style type’ ಎಂಬಲ್ಲಿ ‘Character’ ಆರಿಸಿ, ಅದರ ‘Complex scripts’ ಜಾಗಕ್ಕೆ ನೋಟೊ ಸೆರಿಫ್ ಮಲಯಾಳಂ ಕೊಟ್ಟು ಮಲಯಾಳ ಪದಗಳಿಗೆಲ್ಲ ಹಚ್ಚಿ. ತುಳುವನ್ನು ಕನ್ನಡ ಲಿಪಿಯಲ್ಲೇ ಬರೆಯುವುದರಿಂದ ಆ ಕಷ್ಟವಿಲ್ಲ.

ಸಾಲಿನ ಎತ್ತರ, ಸಾಲಿನ ತುದಿ

ಇಂಗ್ಲಿಷಿನ ಅಕ್ಷರಕ್ಕೆ ಕೆಳಗೆ ಒಂದು ಬಾಲ ಇದ್ದರೆ ಹೆಚ್ಚು. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ‘ಸ್ತ್ರೀ’ ಎನ್ನುವಲ್ಲಿ ಒತ್ತಿನ ಜೊತೆ ಇನ್ನೊಂದು ಒತ್ತು. ಇವಕ್ಕೆಲ್ಲ ಜಾಗ ಬೇಕೆಂದು ಕನ್ನಡ ಫಾಂಟುಗಳು ಸಾಲಿಗೆ ಹೆಚ್ಚು ಎತ್ತರ ಕೇಳುತ್ತವೆ. ಸಾಲಿನ ಅಂತರ ಒಂದೂವರೆ ಎಂದು ಕೊಟ್ಟರೆ ವರ್ಡ್ ಆಯಾ ಸಾಲಿನಲ್ಲಿರುವ ಎತ್ತರದ ಫಾಂಟನ್ನು ಒಂದೂವರೆಯಿಂದ ಗುಣಿಸುತ್ತದೆ. ಹಾಗಾಗಿ ಪೂರ್ತಿ ಇಂಗ್ಲಿಷ್ ಇರುವ ಸಾಲುಗಳು ಒತ್ತೊತ್ತಾಗಿಯೂ ಒಂದು ಕನ್ನಡ ಪದ ನುಸುಳಿದ ಸಾಲು ಅಗಲವಾಗಿಯೂ ಕಾಣುತ್ತವೆ. ಅವಳ ಪುಟಗಳ ಏರುಪೇರಿಗೆ ಇದೇ ಕಾರಣ.

ಪರಿಹಾರ, ಶೈಲಿಯ ‘Paragraph’ ಭಾಗದಲ್ಲಿ ‘Line spacing’ ಅನ್ನು ‘Exactly’ ಎಂದು ಮಾಡಿ ಪಾಯಿಂಟುಗಳಲ್ಲಿ ಅಳತೆ ಕೊಡುವುದು. ಟೈಮ್ಸ್ 12ರ ಒಂದೂವರೆ ಸಾಲು ಸುಮಾರು 21 ಪಾಯಿಂಟ್. ನಾವು 22 ಕೊಟ್ಟೆವು. ಕೊಟ್ಟ ಮೇಲೆ ‘ಸ್ತ್ರೀ’, ‘ರಾಷ್ಟ್ರ’ ಇರುವ ಸಾಲುಗಳನ್ನು ಹುಡುಕಿ ಒತ್ತಿನ ಬುಡ ಕತ್ತರಿಸಿಲ್ಲವೆಂದು ನೋಡಿಕೊಳ್ಳಿ, ಕತ್ತರಿಸಿದ್ದರೆ ಒಂದೆರಡು ಪಾಯಿಂಟ್ ಏರಿಸಿ. ಇನ್ನೊಂದು ಎಚ್ಚರಿಕೆ: ‘Exactly’ ಇರುವ ವಾಕ್ಯವೃಂದದೊಳಗೆ ಚಿತ್ರ ಅಂಟಿಸಿದರೆ ಅದರ ಒಂದು ಪಟ್ಟಿ ಮಾತ್ರ ಕಾಣುತ್ತದೆ. ಕುಂಬಳೆಯ ನಕ್ಷೆ ಕಾಣೆಯಾಯಿತೆಂದು ನಾವು ಅರ್ಧ ಗಂಟೆ ಹುಡುಕಿದ್ದೇವೆ. ನಕ್ಷೆ ಅಲ್ಲೇ ಇತ್ತು, 22 ಪಾಯಿಂಟ್ ಎತ್ತರಕ್ಕೆ. ಚಿತ್ರಗಳಿಗೆ ಬೇರೆಯೇ ಶೈಲಿ ಮಾಡಿ ಅಲ್ಲಿ ‘Single’ ಇಡಿ.

ಇನ್ನು ಸಾಲು ಮುರಿಯುವ ವಿಚಾರ. ಹಳೆಯ ಫೈಲುಗಳಲ್ಲಿ ಪ್ರತಿ ಸಾಲಿನ ಕೊನೆಗೂ Shift+Enter ಒತ್ತಿರುವುದುಂಟು. ಫಾಂಟು ಬದಲಾದೊಡನೆ ಸಾಲುಗಳು ಬೇರೆ ಕಡೆ ಮುಗಿಯುತ್ತವೆ, ಆ ಗುರುತುಗಳು ನಡುವೆ ಉಳಿಯುತ್ತವೆ. ಎರಡೂ ಅಂಚು ಸಮವಾಗಿರುವ ಪುಟದಲ್ಲಿ ಹಾಗೆ ಮುರಿದ ಸಾಲಿನ ನಾಲ್ಕು ಪದಗಳು ಬಲ ಅಂಚಿನವರೆಗೆ ಎಳೆದುಕೊಂಡು ನಿಲ್ಲುತ್ತವೆ. ವರ್ಡಿನಲ್ಲಿ `^l` ಎಂದು ಹುಡುಕಿ ಅದರ ಬದಲಿಗೆ ಒಂದು ಸ್ಪೇಸ್ ಹಾಕಿದರೆ ಹೋಗುತ್ತವೆ. ಪದ್ಯ, ಜನಪದ ಗೀತೆ ಇರುವಲ್ಲಿ ಮಾತ್ರ ಒಂದೊಂದಾಗಿ ನೋಡಿ ಬದಲಾಯಿಸಿ.

ಕನ್ನಡದಲ್ಲಿ ಸಾಲು ಮುರಿಯುವುದು ಪದಗಳ ನಡುವಿನ ತೆರವಿನಲ್ಲಿ. ತೆರವು ಬೇಕು, ಆದರೆ ಅಲ್ಲಿ ಮುರಿಯಬಾರದು ಎನ್ನುವ ಕಡೆಗಳೂ ಇವೆ: ‘ಎಂ. ಗೋವಿಂದ ಪೈ’ ಎನ್ನುವಲ್ಲಿ ‘ಎಂ.’ ಒಂದು ಸಾಲಿನ ಕೊನೆಗೆ ಒಂಟಿಯಾಗಬಾರದು, ‘ಪು. 45’, ‘ಕ್ರಿ.ಶ. 1894’ ಇವೂ ಬೇರೆಯಾಗಬಾರದು. ಇಲ್ಲಿ Ctrl+Shift+Space ಒತ್ತಿ ಮುರಿಯದ ತೆರವು ಹಾಕಿ. ಇಡೀ ಪ್ರಬಂಧಕ್ಕೆ ಇದನ್ನು ಒಮ್ಮೆಗೇ ಮಾಡಬಹುದು: ‘ಪು.’ ಮತ್ತು ಅದರ ಮುಂದಿನ ತೆರವನ್ನು ಹುಡುಕಿ, `ಪು.^s` ಎಂದು ಬದಲಾಯಿಸಿ.

ಇಂಗ್ಲಿಷ್ ಪದಕ್ಕೆ ಕನ್ನಡದ ವಿಭಕ್ತಿ ಹಚ್ಚುವಾಗ ಅಡ್ಡಗೆರೆ ಹಾಕುವ ರೂಢಿಯಿದೆ. ಅಡ್ಡಗೆರೆಯ ನಂತರ ಸಾಲು ಮುರಿಯಬಹುದು, ಆಗ ಮುಂದಿನ ಸಾಲು ‘ನಲ್ಲಿ’ ಎಂದು ಶುರುವಾಗುತ್ತದೆ. ಓದುಗ ತಡವರಿಸುತ್ತಾನೆ. ರೋಮನ್ ಅಕ್ಷರಕ್ಕೆ ತಾಗಿಯೇ ‘ನಲ್ಲಿ’ ಬರೆದರೆ ಮುರಿಯುವುದಿಲ್ಲ, ನೋಡಲು ಮಾತ್ರ ಅಷ್ಟಕ್ಕಷ್ಟೆ. ನನ್ನ ಕೇಳಿದರೆ ಪದವನ್ನು ಕನ್ನಡ ಲಿಪಿಗೆ ತಂದು ವಿಭಕ್ತಿ ಹಚ್ಚುವುದೇ ಲೇಸು. ಹಾಗೆ ತಂದಾಗ ಇನ್ನೊಂದು ಅದೃಶ್ಯ ಅಕ್ಷರದ ಅಗತ್ಯ ಬೀಳುತ್ತದೆ. ‘ಕಾಲೇಜ್’ ಎಂಬುದಕ್ಕೆ ‘ನಲ್ಲಿ’ ಸೇರಿಸಿದರೆ ‘ಕಾಲೇಜ್ನಲ್ಲಿ’ ಎಂದು ಜ ಕಾರಕ್ಕೆ ನ ಒತ್ತು ಬಂದುಬಿಡುತ್ತದೆ. ಒತ್ತು ಬಾರದಂತೆ ತಡೆಯುವ ಅಕ್ಷರದ ಸಂಖ್ಯೆ 200C. ‘ಕಾಲೇಜ್’ ಬರೆದು 200C ಎಂದು ಟೈಪು ಮಾಡಿ Alt+X ಒತ್ತಿ, ನಂತರ ‘ನಲ್ಲಿ’ ಬರೆಯಿರಿ: ‘ಕಾಲೇಜ್‌ನಲ್ಲಿ’. ಅದರ ನೆರೆಯವನಾದ 200B ನೋಡಲು ಅದೇ ಕೆಲಸ ಮಾಡಿದಂತೆ ಕಾಣುತ್ತದೆ, ಆದರೆ ಅಲ್ಲಿ ಸಾಲು ಮುರಿಯುತ್ತದೆ. ಜಾಲತಾಣಗಳಿಂದ ನಕಲಿಸಿದ ಪಠ್ಯದಲ್ಲಿ ಅದು ಸೇರಿಕೊಂಡಿರಬಹುದು. ವರ್ಡಿನಲ್ಲಿ `^u8203` ಎಂದು ಹುಡುಕಿದರೆ ಸಿಕ್ಕಿಬೀಳುತ್ತದೆ. ಒತ್ತು ತಡೆಯಬೇಕಾದ ಕಡೆ ಅದನ್ನು ಅಳಿಸಿ 200C ಹಾಕಿ, ಉಳಿದೆಡೆ ಬರೇ ಅಳಿಸಿದರೆ ಸಾಕು.

ಉದ್ದ ಪದಗಳ ಸಮಸ್ಯೆ ಕನ್ನಡಕ್ಕೆ ಇದ್ದದ್ದೇ. ‘ಗ್ರಾಮಪಂಚಾಯತಿಗಳಲ್ಲೊಂದಾಗಿರುವುದರಿಂದ’ ಎಂಬಂಥದ್ದು ಸಾಲಿನ ಕೊನೆಗೆ ಹಿಡಿಸದೆ ಕೆಳಗಿಳಿದರೆ ಮೇಲಿನ ಸಾಲಿನಲ್ಲಿ ಪದಗಳ ನಡುವೆ ಕಾಲುವೆ ಬೀಳುತ್ತದೆ. ಅಂಥಲ್ಲಿ ಪದದ ಕೀಲು ನೋಡಿ, ಅಂದರೆ ‘ಗ್ರಾಮ’ ಆದ ಮೇಲೆ, ‘ಪಂಚಾಯತಿ’ ಆದ ಮೇಲೆ, Ctrl ಹಿಡಿದು ಅಡ್ಡಗೆರೆ ಒತ್ತಿ. ಸಾಲಿನ ತುದಿಗೆ ಬಂದಾಗ ಮಾತ್ರ ಕಾಣುವ ಅಡ್ಡಗೆರೆ ಅದು. ಊರ ಹೆಸರುಗಳ ನಡುವೆ ಇದನ್ನು ಹಾಕಬೇಡಿ, ಹುಡುಕಾಟಕ್ಕೆ ಅಡ್ಡಿಯಾಗಬಹುದು. ಕಾಲುವೆಗಳು ತೀರ ಹೆಚ್ಚಾದರೆ, ವಿಶ್ವವಿದ್ಯಾಲಯದ ನಿಯಮ ಬಿಡುವುದಾದರೆ, ಬಲ ಅಂಚನ್ನು ಸಮ ಮಾಡುವುದನ್ನೇ ಬಿಟ್ಟುಬಿಡಿ.

ಗ್ರಂಥಸೂಚಿ

ಅವಳು ಗ್ರಂಥಗಳನ್ನೆಲ್ಲ ಜೊಟೆರೊ ಎಂಬ ಗ್ರಂಥಸೂಚಿಯ ತಂತ್ರಾಂಶದಲ್ಲಿ ಸೇರಿಸಿಟ್ಟಿದ್ದಳು, ಅದು ಒಳ್ಳೆಯ ಅಭ್ಯಾಸ. ತಪ್ಪಿದ್ದು ಹೆಸರುಗಳಲ್ಲಿ. ಜೊಟೆರೊ ಹೆಸರನ್ನು ಎರಡು ತುಂಡು ಮಾಡಿ ಕೊನೆಯ ತುಂಡನ್ನು ಮನೆತನದ ಹೆಸರೆಂದು ಮುಂದಕ್ಕೆ ತರುತ್ತದೆ. ಯುರೋಪಿನವರಿಗೆ ಇದು ಸರಿ. ನಮ್ಮಲ್ಲಿ ಕಯ್ಯಾರ ಎನ್ನುವುದು ಊರು, ಕಿಞ್ಞಣ್ಣ ಎನ್ನುವುದು ಹೆಸರು, ರೈ ಎನ್ನುವುದು ಸಮುದಾಯದ್ದು. ಯಂತ್ರ ‘ರೈ, ಕಯ್ಯಾರ ಕಿಞ್ಞಣ್ಣ’ ಎಂದು ಬರೆಯಿತು, ‘ಪೈ, ಎಂ. ಗೋವಿಂದ’ ಎಂದು ಬರೆಯಿತು. ಇಲ್ಲಿನ ಲೇಖಕರಲ್ಲಿ ಭಟ್, ರೈ, ಶೆಟ್ಟಿ, ಪೈ ಎಷ್ಟು ಮಂದಿ! ಗೋವಿಂದ ಪೈಯವರನ್ನು ಯಾರೂ ಪ ಕಾರದಡಿ ಹುಡುಕುವುದಿಲ್ಲ.

ಜೊಟೆರೊದಲ್ಲಿ ಲೇಖಕರ ಹೆಸರಿನ ಬಲಕ್ಕೆ ಒಂದು ಸಣ್ಣ ಗುಂಡಿಯಿದೆ, ಒತ್ತಿದರೆ ಎರಡು ಜಾಗ ಒಂದಾಗುತ್ತದೆ. ಕನ್ನಡ ಲೇಖಕರೆಲ್ಲರನ್ನೂ ಹೀಗೆ ಒಂದೇ ಜಾಗದಲ್ಲಿ, ನಿಮಗೆ ಅಕಾರಾದಿಯಲ್ಲಿ ಬೇಕಾದ ರೂಪದಲ್ಲೇ ಬರೆಯಿರಿ: ‘ಗೋವಿಂದ ಪೈ, ಎಂ.’, ‘ಕಯ್ಯಾರ ಕಿಞ್ಞಣ್ಣ ರೈ’. ಇಂಗ್ಲಿಷ್ ಪುಸ್ತಕಗಳ ಲೇಖಕರನ್ನು ಎರಡು ಜಾಗದಲ್ಲೇ ಬಿಡಿ:

```
Kittel, F. 1894. A Kannada-English Dictionary. Mangalore:
    Basel Mission Book and Tract Depository.
Sturrock, J. 1894. South Canara. Vol. 1. Madras:
    Government Press.
```

ಎರಡು ಭಾಷೆಯ ಗ್ರಂಥಗಳನ್ನು ಒಂದೇ ಪಟ್ಟಿಯಲ್ಲಿ ಸೇರಿಸಬೇಕೇ? ಬೇಡ ಎನ್ನುತ್ತೇನೆ. ಸೇರಿಸಿದರೆ ಯಂತ್ರ ಸಂಖ್ಯೆಯ ಪ್ರಕಾರ ರೋಮನ್ ಲಿಪಿಯನ್ನು ಮೊದಲಿಟ್ಟು ಕನ್ನಡವನ್ನು ಕೊನೆಗೆ ತಳ್ಳುತ್ತದೆ. ಅದು ಹೆಸರಿಗೆ ಒಂದು ಪಟ್ಟಿ, ನಿಜಕ್ಕೆ ಎರಡು. ಕನ್ನಡ ಪ್ರಬಂಧದಲ್ಲಿ ಕನ್ನಡ ಗ್ರಂಥಗಳು ಮೊದಲು, ಇಂಗ್ಲಿಷ್ ನಂತರ, ಮಲಯಾಳ ಆಮೇಲೆ, ಪ್ರತಿಯೊಂದಕ್ಕೂ ಉಪಶೀರ್ಷಿಕೆ. ಬೇರ್ಪಡಿಸುವುದರಿಂದ ಇನ್ನೊಂದು ಗಂಟೂ ಬಿಡುತ್ತದೆ. ಜೊಟೆರೊ ಇಡೀ ಫೈಲಿಗೆ ಒಂದೇ ಭಾಷೆಯ ಸಂಕ್ಷೇಪಗಳನ್ನು ಬಳಸುವುದರಿಂದ ಕನ್ನಡ ಪುಸ್ತಕದ ಸಂಪಾದಕರಿಗೂ ಇಂಗ್ಲಿಷಿನ ‘ed.’ ಅಂಟುತ್ತದೆ, ಪುಸ್ತಕದ ಹೆಸರೆಲ್ಲ ಓರೆಯಾಗುತ್ತದೆ. ಕನ್ನಡದಲ್ಲಿ ಓರೆ ಅಕ್ಷರದ ಪರಂಪರೆ ಇಲ್ಲ. ಯಂತ್ರ ನೆಟ್ಟಗಿನ ಅಕ್ಷರವನ್ನೇ ವಾಲಿಸುತ್ತದೆ, ಒತ್ತು ಒಂದು ಕಡೆ, ಗುಣಿತ ಒಂದು ಕಡೆ ಜಾರಿದಂತೆ ಕಾಣುತ್ತದೆ.

ಬರವಣಿಗೆ ಪೂರ್ತಿ ಮುಗಿದ ಮೇಲೆ ಫೈಲಿನ ಹೊಸ ಪ್ರತಿ ಮಾಡಿ, ವರ್ಡಿನ ಜೊಟೆರೊ ಪಟ್ಟಿಯಲ್ಲಿ ‘Unlink Citations’ ಒತ್ತಿ. ಇದನ್ನು ಮೂಲ ಫೈಲಿನಲ್ಲಿ ಎಂದೂ ಮಾಡಬೇಡಿ, ಮಾಡಿದರೆ ಆಮೇಲೆ ಸೇರಿಸಿದ ಉಲ್ಲೇಖ ಪಟ್ಟಿಗೆ ತಾನಾಗಿ ಬರುವುದಿಲ್ಲ. ಈಗ ಪಟ್ಟಿ ಬರೇ ಪಠ್ಯ. ಕನ್ನಡ ಭಾಗವನ್ನು ಆಯ್ದು ಓರೆಯನ್ನು ತೆಗೆಯಿರಿ, ಪುಸ್ತಕದ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ ಕೊಡಿ. ಆ ಭಾಗದಲ್ಲಿ ಮಾತ್ರ ‘ed.’ ಇದ್ದಲ್ಲಿ ‘ಸಂ.’, ‘pp.’ ಇದ್ದಲ್ಲಿ ‘ಪು.’, ‘et al.’ ಇದ್ದಲ್ಲಿ ‘ಮತ್ತು ಇತರರು’ ಎಂದು ಬದಲಾಯಿಸಿ. ಇಸವಿಗೆ ಕನ್ನಡ ಅಂಕಿಯೋ ಇಂಗ್ಲಿಷ್ ಅಂಕಿಯೋ, ಎಲ್ಲ ಪಟ್ಟಿಗಳಲ್ಲೂ ಒಂದೇ ಇರಲಿ.

ಕೊನೆಗೆ ಅಕಾರಾದಿ. ನಮ್ಮ ವರ್ಣಮಾಲೆಯಲ್ಲಿ ಳ ಕಾರ ಹ ಕಾರದ ನಂತರ ಬರುತ್ತದೆ. ಯೂನಿಕೋಡಿನ ಸಂಖ್ಯೆಯಲ್ಲಿ ಅದು ಲ ಕಾರದ ಪಕ್ಕದಲ್ಲಿ, ವ ಕಾರಕ್ಕಿಂತ ಮೊದಲೇ ಇದೆ. ಸಂಖ್ಯೆ ನೋಡಿ ಜೋಡಿಸಿದರೆ ಮುಳಿಯಾರು, ಮುಳ್ಳೇರಿಯ, ಮುಸೋಡಿ ಎಂದು ಬರುತ್ತದೆ. ನಿಘಂಟಿನ ಕ್ರಮದಲ್ಲಿ ಮುಸೋಡಿ ಮೊದಲು ಬರಬೇಕು. ಸ್ಥಳನಾಮಗಳ ಅನುಬಂಧದಲ್ಲಿ ಇಂಥವು ಹನ್ನೊಂದು ಸಿಕ್ಕಿದವು. ವರ್ಡಿನಲ್ಲಿ ‘Sort’ ತೆರೆದಾಗ ‘Options’ ಒಳಗೆ ‘Sorting language’ ಕನ್ನಡ ಎಂದು ಕೊಡಿ. ಕೊಟ್ಟ ಮೇಲೂ ಳ ಕಾರ ಇರುವ ಹೆಸರುಗಳನ್ನು ಕಣ್ಣಾರೆ ನೋಡಿ, ತಪ್ಪಿದ್ದರೆ ಕೈಯಿಂದಲೇ ಸ್ಥಳ ಬದಲಿಸಿ.

ಪಟ್ಟಿಯ ಎರಡನೆಯ ಸಾಲು ಒಳಸರಿಯಲು ಟ್ಯಾಬ್ ಒತ್ತಬೇಡಿ, ‘Paragraph’ ಒಳಗೆ ‘Special’ ಎಂಬಲ್ಲಿ ‘Hanging’ ಆರಿಸಿ 1.27 ಸೆಂ.ಮೀ. ಕೊಡಿ. ಗ್ರಂಥಸೂಚಿಯ ಎಡ ಅಂಚು ಮಾತ್ರ ಸಮವಿರಲಿ. ಉದ್ದದ ಜಾಲವಿಳಾಸಗಳಿದ್ದಾಗ ಎರಡೂ ಅಂಚು ಸಮ ಮಾಡಲು ಹೋದರೆ ಸಾಲುಗಳು ಹರಿದ ಬಲೆಯಂತಾಗುತ್ತವೆ.

ಅಂಗಡಿಗೆ ಕೊಂಡೊಯ್ಯುವ ಮೊದಲು

ಮುದ್ರಣಕ್ಕೆ ವರ್ಡ್ ಫೈಲ್ ಕೊಡಬೇಡಿ, ಪಿಡಿಎಫ್ ಕೊಡಿ. ಅದನ್ನು ‘Save As’ ಮೂಲಕವೇ ಮಾಡಿ, ಅಡೋಬಿ ರೀಡರಿನಲ್ಲಿ ತೆರೆದು ‘Properties’ ಒಳಗಿನ ‘Fonts’ ನೋಡಿ. ಪ್ರತಿ ಫಾಂಟಿನ ಮುಂದೆಯೂ ‘Embedded Subset’ ಅಥವಾ ‘Embedded’ ಎಂದಿರಬೇಕು. ಹಾಗಿದ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ಯಾವ ಫಾಂಟ್ ಇದ್ದರೂ ಇಲ್ಲದಿದ್ದರೂ ಪುಟ ಬದಲಾಗದು.

ನಾವು ನೋಡಿದಾಗ ಆ ಪಟ್ಟಿಯಲ್ಲಿ ಟೈಮ್ಸ್, ನೋಟೊದ ಕನ್ನಡ ಮತ್ತು ಮಲಯಾಳ ಇವುಗಳ ಜೊತೆಗೆ ‘Nudi 01 e’ ಇನ್ನೂ ಕುಳಿತಿತ್ತು. ಎರಡನೆಯ ಅಧ್ಯಾಯದಲ್ಲಿ ಮತ್ತೆ ಹುಡುಕಿದೆವು, ಒಂದೂ ಸಿಗಲಿಲ್ಲ. ಆಮೇಲೆ ಹೊಳೆಯಿತು: ನಾವು ಹುಡುಕುತ್ತಿದ್ದುದು ಮುಖ್ಯ ಪಠ್ಯದಲ್ಲಿ ಮಾತ್ರ. ಆ ಅಧ್ಯಾಯದ ಪುಟಗಳ ನೆತ್ತಿಯಲ್ಲಿ ಅಧ್ಯಾಯದ ಹೆಸರು ಹಳೆಯ ನುಡಿಯಲ್ಲೇ ಉಳಿದಿತ್ತು. ಅವಳ ಕಂಪ್ಯೂಟರಿನಲ್ಲಿ ಆ ಫಾಂಟು ಇದ್ದುದರಿಂದ ಕಣ್ಣಿಗೆ ಅದು ಶುದ್ಧ ಕನ್ನಡವಾಗಿಯೇ ಕಾಣುತ್ತಿತ್ತು. ಪುಟದ ತಲೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿ ಆ ಮೂರು ಪದಗಳನ್ನು ಮತ್ತೆ ಟೈಪು ಮಾಡಿದಳು, ಹೊಸ ಪಿಡಿಎಫ್ ತೆಗೆದಳು, ಪಟ್ಟಿಯಿಂದ ಆ ಹೆಸರು ಹೋಯಿತು.